ಅಪ್‌ಡೇಟ್: 36ಕ್ಕೇ ಮುಟ್ಟು ನಿಂತ ವಿಷಯ

ನನ್ನ ಪ್ರಶ್ನೆ: ‘ವಯಸ್ಸು 36. ಐದು ತಿಂಗಳಿಂದ ಮುಟ್ಟಾಗಿಲ್ಲ, ರಾತ್ರಿ ಮೈಯೆಲ್ಲ ಬೆವರು. ಇಷ್ಟು ಬೇಗ ನಿಂತುಹೋಗುತ್ತಾ?’

ಹಾಸನದಲ್ಲೇ ಹೆರಿಗೆ ಡಾಕ್ಟರಿಗೆ ತೋರಿಸಿದೆ. ಮೊದಲು ಗರ್ಭಿಣಿಯಲ್ಲ ಅಂತ ಖಚಿತ ಮಾಡಿಕೊಂಡು, ಥೈರಾಯ್ಡ್, ಪ್ರೊಲ್ಯಾಕ್ಟಿನ್ ನೋಡಿದರು. ಎರಡೂ ಸರಿಯಿದ್ದವು. ಅಂಡಾಶಯಕ್ಕೆ ಕೆಲಸ ಮಾಡು ಅಂತ ಹೇಳುವ ಎಫ್‌ಎಸ್‌ಎಚ್ ಹಾರ್ಮೋನ್ ಮಾತ್ರ 58 ಬಂತು. 25 ದಾಟಿದರೇ ಅನುಮಾನವಂತೆ. ಅಂಡಾಶಯ ಸರಿಯಾಗಿ ಸ್ಪಂದಿಸದಿದ್ದಾಗ ಮೆದುಳಿನ ಪಿಟ್ಯುಟರಿ ಗ್ರಂಥಿ ಈ ಹಾರ್ಮೋನನ್ನು ಇನ್ನೂ ಇನ್ನೂ ಸುರಿಯುತ್ತದೆ. ಒಂದು ತಿಂಗಳು ಬಿಟ್ಟು ಮತ್ತೆ ಮಾಡಿಸಿದಾಗ 44. ಇದಕ್ಕೆ ಅಕಾಲಿಕ ಅಂಡಾಶಯ ವೈಫಲ್ಯ ಅನ್ನುತ್ತಾರೆ. ಕಾರಣ ಹುಡುಕಲು ಕ್ರೋಮೋಸೋಮ್ ಪರೀಕ್ಷೆಗೂ ರಕ್ತ ಕೊಟ್ಟೆ, ಅದರಲ್ಲಿ ಏನೂ ಸಿಗಲಿಲ್ಲ. ಬಹಳಷ್ಟು ಜನರಿಗೆ ಸಿಗುವುದೇ ಇಲ್ಲವಂತೆ.

‘ಮುಟ್ಟಿನ ಕಾಟ ತಪ್ಪಿತಲ್ಲ, ಬಿಡು’ ಅಂದರು ಅತ್ತೆ. ತಪ್ಪಿದ್ದು ಮುಟ್ಟಷ್ಟೇ ಅಲ್ಲ, ಅಂಡಾಶಯ ತಯಾರಿಸುವ ಈಸ್ಟ್ರೊಜೆನ್ ಹಾರ್ಮೋನ್ ಕೂಡ. ಅದಿಲ್ಲದೆ ವರ್ಷಗಟ್ಟಲೆ ಕಳೆದರೆ ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯವೂ ಏರುತ್ತದೆ. ಅದಕ್ಕೇ ಮೂಳೆ ಸಾಂದ್ರತೆಯ ಸ್ಕ್ಯಾನ್ ಮಾಡಿಸಿದರು. ಈಗ ದಿನಾ ಈಸ್ಟ್ರೊಜೆನ್‌ನದೇ ರೂಪವಾದ ಈಸ್ಟ್ರಾಡಿಯೋಲ್ ಜೆಲ್ ಹಚ್ಚಿಕೊಳ್ಳುತ್ತೇನೆ, ಜೊತೆಗೆ ತಿಂಗಳಲ್ಲಿ 12 ದಿನ ಪ್ರೊಜೆಸ್ಟರೋನ್ ಮಾತ್ರೆ. ಗರ್ಭಕೋಶ ಇರುವವರು ಈ ಮಾತ್ರೆ ಬಿಡುವಂತಿಲ್ಲ. ಬಿಟ್ಟರೆ ಒಳಪದರ ದಪ್ಪವಾಗುತ್ತಾ ಕ್ಯಾನ್ಸರಿಗೂ ದಾರಿಯಾಗಬಹುದು. ಸುಮಾರು 50ರವರೆಗೆ ಮುಂದುವರಿಸಬೇಕು. ಹಾರ್ಮೋನ್ ಅಂದರೆ ಸ್ತನ ಕ್ಯಾನ್ಸರ್ ಅಂತ ಹೆದರಿದ್ದೆ. ಆ ಲೆಕ್ಕ 50 ದಾಟಿ ತೆಗೆದುಕೊಳ್ಳುವವರದು. ನನಗೆ ಕೊಡುತ್ತಿರುವುದು ಈ ವಯಸ್ಸಿಗೆ ದೇಹದಲ್ಲೇ ಇರಬೇಕಾದದ್ದು.

ಇನ್ನೊಂದು ಮಾತು: ಅಂಡಾಶಯ ಪೂರ್ತಿ ಮುಚ್ಚಿಲ್ಲ. ನೂರರಲ್ಲಿ ಐದರಿಂದ ಹತ್ತು ಜನ ತಾವಾಗಿಯೇ ಬಸಿರಾಗುತ್ತಾರೆ, ಈ ಚಿಕಿತ್ಸೆ ಅದನ್ನು ತಡೆಯುವುದಿಲ್ಲ. ನಮಗೆ ಇಬ್ಬರು ಮಕ್ಕಳು ಸಾಕು, ಹಾಗಾಗಿ ಕಾಪರ್-ಟಿ ಹಾಕಿಸಿಕೊಂಡೆ.