‘ಹೂಡಿಕೆ ಚಟುವಟಿಕೆ’: ಷೇರುದಾರರು ಹೂಡಿದ ಹಣ ಅದರಡಿ ಬರುತ್ತದೆಯೇ?

ಪ್ರಶ್ನೆ, ಶಿರಸಿಯಿಂದ:
ಬಿ.ಕಾಂ. ಓದುವ ಹುಡುಗಿಯೊಬ್ಬಳಿಗೆ ನಗದು ಹರಿವಿನ ಪಟ್ಟಿಯ ಸ್ಲೈಡ್ ಕನ್ನಡದಲ್ಲಿ ಮಾಡುತ್ತಿದ್ದೇನೆ. ಅಡಿಕೆ ಕೊಂಡು ಸಂಸ್ಕರಿಸಿ ಮಾರುವ ಒಂದು ಕಂಪನಿಯ ಕಾಲ್ಪನಿಕ ಲೆಕ್ಕ ಅದು. ಹೊಸ ಷೇರು ಕೊಟ್ಟು ಎತ್ತಿದ 8 ಲಕ್ಷವನ್ನು ಅವಳು ‘ಹೂಡಿಕೆ ಚಟುವಟಿಕೆ’ಯಡಿ ಬರೆದಳು. ಕೇಳಿದರೆ, “ಬಂಡವಾಳ ಹೂಡಿದ್ದಾರಲ್ಲ ಅಕ್ಕೋರೆ” ಅಂದಳು. ಕೊನೆಯ ಮೊತ್ತವೂ ತಾಳೆಯಾಯಿತು. ಶೀರ್ಷಿಕೆಯ ಪದವನ್ನೇ ಬದಲಿಸಬೇಕೇ?

ಕುಮಟೆಯಿಂದ:
ಪದ ಬದಲಿಸಬೇಡಿ, ಪರೀಕ್ಷೆಯಲ್ಲಿ ಅದೇ ಬರುತ್ತದೆ. ಯಂತ್ರ, ಕಟ್ಟಡ ಕೊಂಡರೆ ಹೂಡಿಕೆ. ಷೇರು, ಸಾಲ ಬಂದರೆ ಹಣಕಾಸು. ಲಾಭ-ನಷ್ಟದ ಪಟ್ಟಿಯಲ್ಲಿರುವುದೆಲ್ಲ ಕಾರ್ಯಾಚರಣೆ. ಸಾಲದ ಬಡ್ಡಿಯೂ ಖರ್ಚೇ ಆದ್ದರಿಂದ ಕಾರ್ಯಾಚರಣೆಗೇ ಸೇರಿಸಿ.

ಕಾರವಾರದಿಂದ, ಲೆಕ್ಕಪರಿಶೋಧನೆಯ ಕೆಲಸದವರು:
ಕುಮಟೆಯವರು ಹೂಡಿಕೆ, ಹಣಕಾಸು ಎಂದು ವಿಂಗಡಿಸಿದ್ದು ಸರಿ, ಲಾಭ-ನಷ್ಟದ ಪಟ್ಟಿಯಲ್ಲಿರುವುದೆಲ್ಲ ಕಾರ್ಯಾಚರಣೆ ಎಂದದ್ದೂ ಬಡ್ಡಿಯದೂ ಸರಿಯಲ್ಲ. ನಮ್ಮ ದೇಶದ ಲೆಕ್ಕಪತ್ರ ಮಾನದಂಡ ಎಎಸ್ 3ರ ಪ್ರಕಾರ ಕೊಟ್ಟ ಬಡ್ಡಿ ಕಾರ್ಯಾಚರಣೆಯಡಿ ಬರುವುದು ಬ್ಯಾಂಕಿನಂಥ ಹಣಕಾಸು ಸಂಸ್ಥೆಗಳಿಗೆ ಮಾತ್ರ. ಅಡಿಕೆ ಕಂಪನಿಗೆ ಅದು ಹಣಕಾಸು ಚಟುವಟಿಕೆ.

ಅಕ್ಕೋರೆ, ಗೊಂದಲ ಇರುವುದು ಯಾರ ಕಡೆಯಿಂದ ನೋಡುತ್ತೇವೆ ಎನ್ನುವಲ್ಲಿ. ಷೇರುದಾರರಿಗೆ ಆ 8 ಲಕ್ಷ ಹೂಡಿಕೆ ಹೌದು. ಆದರೆ ಪಟ್ಟಿ ಕಂಪನಿಯದು, ಕಂಪನಿ ಏನನ್ನೂ ಹೂಡಿಲ್ಲ, ಹಣ ಪಡೆದಿದೆ. ಇದೇ ಕಂಪನಿ ಬೇರೆ ಕಂಪನಿಯ ಷೇರು ಕೊಂಡಿದ್ದರೆ ಮಾತ್ರ ಅದು ಹೂಡಿಕೆ. ಸ್ಲೈಡಿನ ಶೀರ್ಷಿಕೆ ಹಾಗೇ ಇರಲಿ, ಕೆಳಗೆ ಸಣ್ಣ ಅಕ್ಷರದಲ್ಲಿ ಒಂದೊಂದು ಸಾಲು ಸೇರಿಸಿ: ‘ವ್ಯಾಪಾರ ನಡೆಸಿ ಬಂದದ್ದು, ಹೋದದ್ದು’, ‘ಕಂಪನಿ ದೀರ್ಘಕಾಲದ ಆಸ್ತಿ ಕೊಂಡದ್ದು, ಮಾರಿದ್ದು’, ‘ಷೇರುದಾರರು ಮತ್ತು ಸಾಲ ಕೊಟ್ಟವರ ಜತೆಗಿನ ಕೊಡು-ಕೊಳ್ಳು’. ಅಂಕಿಗಳನ್ನು ಪೂರ್ತಿ ಕಳಿಸಿ.

ಶಿರಸಿಯಿಂದ:
ತೆರಿಗೆಗೆ ಮುಂಚಿನ ಲಾಭ 12 ಲಕ್ಷ. ಅದರಲ್ಲಿ ಸವಕಳಿ 3, ಬಡ್ಡಿ 2 ಕಳೆದಾಗಿದೆ. ಪುಸ್ತಕದಲ್ಲಿ 4 ಲಕ್ಷವಿದ್ದ ಹಳೆಯ ಡ್ರೈಯರ್ 5ಕ್ಕೆ ಹೋಯಿತು, ಹೊಸದಕ್ಕೆ 10. ಚಾಲಿ ಅಡಿಕೆಯ ದಾಸ್ತಾನು 10 ಲಕ್ಷ ಹೆಚ್ಚಾಗಿದೆ. ತೆರಿಗೆ ಕಟ್ಟಿದ್ದು 2, ಸಾಲ ತೀರಿಸಿದ್ದು 3. ನಗದು 3 ಲಕ್ಷದಿಂದ 5ಕ್ಕೆ ಏರಿದೆ.

ಕಾರವಾರದಿಂದ:
12ಕ್ಕೆ ಸವಕಳಿ 3 ಕೂಡಿಸಿ, ಅದಕ್ಕೆ ನಗದು ಹೋಗಿಲ್ಲ. ಬಡ್ಡಿ 2 ಕೂಡಿಸಿ, ಅದನ್ನು ಕೆಳಗೆ ಹಣಕಾಸಿನಡಿ ತೋರಿಸಬೇಕು. ಡ್ರೈಯರ್ ಮಾರಿದ ಲಾಭ 1 ಕಳೆಯಿರಿ, ಏಕೆಂದರೆ ಹೂಡಿಕೆಯಡಿ ಪೂರ್ತಿ 5 ಬರುತ್ತದೆ, ಆ ಒಂದು ಲಕ್ಷ ಅದರೊಳಗೇ ಇದೆ. 16 ಆಯಿತು. ದಾಸ್ತಾನಿಗೆ ಹೋದ 10, ತೆರಿಗೆ 2 ಕಳೆದರೆ ಕಾರ್ಯಾಚರಣೆಯಿಂದ ಉಳಿದದ್ದು 4. ಹನ್ನೆರಡು ಲಕ್ಷ ಲಾಭ ಕಂಡ ಕಂಪನಿಯ ಕೈಗೆ ನಾಲ್ಕೇ ಏಕೆ ಬಂತು ಎಂದರೆ ಉಳಿದದ್ದು ಗೋದಾಮಿನಲ್ಲಿ ಚಾಲಿಯಾಗಿ ಕೂತಿದೆ. ಸ್ಲೈಡಿನಲ್ಲಿ ಈ ಸಾಲಿಗೇ ಬಣ್ಣ ಕೊಡಿ.

ಹೂಡಿಕೆಯಲ್ಲಿ 5 ಬಂತು, 10 ಹೋಯಿತು: 5 ಕೊರತೆ. ಹಣಕಾಸಿನಲ್ಲಿ 8 ಬಂತು, ಸಾಲಕ್ಕೆ 3, ಬಡ್ಡಿಗೆ 2 ಹೋಯಿತು: 3 ಹೆಚ್ಚು. ಒಟ್ಟು ಏರಿಕೆ 2, ನಿಮ್ಮ ನಗದಿಗೆ ಹೊಂದುತ್ತದೆ.

ಈಗ ಹುಡುಗಿಯ ತಪ್ಪನ್ನು ಹಾಕಿ ನೋಡಿ. 8 ಲಕ್ಷ ಹೂಡಿಕೆಗೆ ಹೋದರೆ ಹೂಡಿಕೆ 3 ಹೆಚ್ಚು, ಹಣಕಾಸು 5 ಕೊರತೆ, ಒಟ್ಟು ಮತ್ತೆ 2. ಆದರೆ ಓದುವವರಿಗೆ ಕಂಪನಿ ಆಸ್ತಿ ಮಾರಿ ಸಾಲ ತೀರಿಸುತ್ತಿದೆ ಅನ್ನಿಸುತ್ತದೆ. ನಿಜದಲ್ಲಿ ಷೇರು ಹಣ ತಂದು ಡ್ರೈಯರ್ ಕೊಂಡಿದೆ. ಡ್ರೈಯರಿನ ಲಾಭ ಕಳೆಯುವುದು ಮರೆತಿದ್ದರೆ ಒಟ್ಟು 3 ಬಂದು ಆ ತಪ್ಪು ತಾನೇ ಎದ್ದು ಕಾಣುತ್ತಿತ್ತು. ತಾಳೆ ನೋಡುವುದರಿಂದ ಬಿಟ್ಟುಹೋದದ್ದು, ಎರಡು ಸಲ ಬಂದದ್ದು ಸಿಗುತ್ತದೆ, ತಪ್ಪು ವಿಭಾಗಕ್ಕೆ ಹೋದದ್ದು ಸಿಗುವುದಿಲ್ಲ. ಹಾಗಾಗಿ ಪ್ರತಿ ವಿಭಾಗದ ಮೊತ್ತವನ್ನೂ ಬೇರೆ ಬೇರೆ ನೋಡಿ ಅಂಕ ಕೊಡಿ.

ಹೊನ್ನಾವರದಿಂದ:
ನಮ್ಮ ಕಡೆ ಮೀನುಗಾರಿಕೆ ಬೋಟು ಕಟ್ಟಿ ಮಾರುವವರಿದ್ದಾರೆ. ಬೋಟು ದೊಡ್ಡ ಆಸ್ತಿಯಲ್ಲವೇ, ಅದೂ ಹೂಡಿಕೆಯೇ?

ಕಾರವಾರದಿಂದ:
ಮೀನು ಹಿಡಿಯಲು ಕೊಂಡವರಿಗೆ ಹೂಡಿಕೆ. ಕಟ್ಟಿ ಮಾರುವುದೇ ಕಸುಬಾದವರಿಗೆ ಅದು ಮಾಲು, ಆದ್ದರಿಂದ ಕಾರ್ಯಾಚರಣೆ. ವಸ್ತು ಎಷ್ಟು ದೊಡ್ಡದು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಸಿದ್ದಾಪುರದಿಂದ:
ನಾವು ಅಡಿಕೆಯನ್ನು ಸೊಸೈಟಿಯಲ್ಲಿಟ್ಟು ಅದರ ಮೇಲೆ ಮುಂಗಡ ತರುತ್ತೇವೆ. ಇದನ್ನು ಮಾರಾಟ ಅಂತ ಬರೆಯಬಹುದಲ್ಲ?

ಕಾರವಾರದಿಂದ:
ಬರೆಯಬಾರದು. ಅಡಿಕೆ ಇನ್ನೂ ನಿಮ್ಮದೇ, ಬಂದದ್ದು ಸಾಲ. ಇಂಥ ಪಟ್ಟಿ ಮಾಡುವುದಾದರೆ ಅದು ಹಣಕಾಸಿನಡಿ ಬರುತ್ತದೆ.

ಕುಮಟೆಯಿಂದ:
ಬಡ್ಡಿಯ ವಿಷಯ ಒಪ್ಪಿದೆ. ಆದರೆ ಅಡಿಕೆ ಮಾರಿದ ದಿನ ಮುಂಗಡ ಮುರಿದುಕೊಂಡು ಉಳಿದದ್ದನ್ನಷ್ಟೇ ಖಾತೆಗೆ ಹಾಕುತ್ತಾರೆ. ಆಗ ಪೂರ್ತಿ ಮಾರಾಟವನ್ನು ಮೇಲೆ, ಮುರಿದುಕೊಂಡದ್ದನ್ನು ಸಾಲ ಮರುಪಾವತಿಯೆಂದು ಕೆಳಗೆ ತೋರಿಸಬೇಕೋ, ಇಲ್ಲ ಆ ಭಾಗದ ನಗದು ಕೈಗೆ ಬರಲೇ ಇಲ್ಲವೆಂದು ಬಿಡಬೇಕೋ?

ಕಾರವಾರದಿಂದ:
ನಾನಾದರೆ ಎರಡನ್ನೂ ಪೂರ್ತಿಯಾಗಿ ತೋರಿಸುತ್ತೇನೆ, ಸೊಸೈಟಿ ನಮ್ಮ ಪರವಾಗಿ ಹಣ ಪಡೆದು ನಮ್ಮ ಸಾಲಕ್ಕೆ ಕಟ್ಟಿತು ಎಂಬ ಲೆಕ್ಕದಲ್ಲಿ. ನಗದು ಮುಟ್ಟದ ವ್ಯವಹಾರವನ್ನು ಪಟ್ಟಿಗೆ ತರಬಾರದು ಎಂಬ ನಿಯಮ ಹಿಡಿದು ಬಿಡುವವರೂ ಇದ್ದಾರೆ. ಸೊಸೈಟಿಯ ಖಾತೆ ಉತಾರ ನೋಡದೆ ಇಂಥದೇ ಸರಿ ಎನ್ನಲಾರೆ.