ಒಂದೇ ಕಾಲಂನಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇದ್ದರೆ ಬೇರೆ ಮಾಡೋದು ಹೇಗೆ?

ಕೇಳಿದವರು (ವಿರಾಜಪೇಟೆ): ನಮ್ಮ ಬೆಳೆಗಾರರ ಸಂಘದಲ್ಲಿ 612 ಸದಸ್ಯರ ವಿಳಾಸದ ಎಕ್ಸೆಲ್ ಪಟ್ಟಿ ಇದೆ. ಕೆಲವರದ್ದು ಕನ್ನಡದಲ್ಲಿದೆ, ಕೆಲವರದ್ದು ಇಂಗ್ಲಿಷ್‌ನಲ್ಲಿ. ಎಲ್ಲವೂ A ಕಾಲಂನಲ್ಲೇ ಬೆರೆತಿದೆ. ಕನ್ನಡದವರಿಗೆ ಕನ್ನಡ ನೋಟಿಸ್, ಇಂಗ್ಲಿಷ್‌ನವರಿಗೆ ಇಂಗ್ಲಿಷ್ ನೋಟಿಸ್ ಕಳಿಸಬೇಕು. ಅಕ್ಷರದ ಕೋಡ್ ನೋಡಿ ಎಣಿಸಬಹುದು ಅಂತ ಕೇಳಿದ್ದೇನೆ. ಮಾಡಿದವರು ಇದ್ದರೆ ಹೇಳಿ.

ಸೋಮವಾರಪೇಟೆಯ ಮೇಷ್ಟ್ರು: ನಾನು ಮಕ್ಕಳ ಪಟ್ಟಿಗೆ `CODE` ಬಳಸುತ್ತೇನೆ. ಬಿ ಕಾಲಂನಲ್ಲಿ `=CODE(A2)` ಹಾಕಿ ಎಳೆಯಿರಿ. ಇಂಗ್ಲಿಷ್ ಆದರೆ 65ರಿಂದ 122ರ ಒಳಗೆ ಬರುತ್ತದೆ. ಕನ್ನಡ ಆದರೆ ಎಲ್ಲದಕ್ಕೂ 63. 63 ಇರುವುದನ್ನು ಫಿಲ್ಟರ್ ಮಾಡಿದರೆ ಆಯ್ತು. ಮೂರು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ.

ಗೋಣಿಕೊಪ್ಪದ ಕಾಫಿ ವ್ಯಾಪಾರಿ: ನನ್ನ ಹತ್ರ ಬಿಲ್ ಎಲ್ಲ ಇಂಗ್ಲಿಷ್‌ನಲ್ಲಿದೆ, ಕನ್ನಡಕ್ಕೆ ತಿರುಗಿಸಬೇಕು. ಇದರಿಂದ ಆಗುತ್ತಾ?

ಮಡಿಕೇರಿಯ ಡಿಟಿಪಿ ಅಕ್ಕ: ಇಲ್ಲ ಅಣ್ಣ, ಇದು ಬೇರೆ ಮಾಡೋಕೆ ಮಾತ್ರ. ಯಾವುದನ್ನೂ ತಿರುಗಿಸುವುದಿಲ್ಲ.

ಮೇಷ್ಟ್ರೇ, ನಿಮ್ಮ ಉಪಾಯ ನಡೆಯುತ್ತದೆ, ಆದರೆ ಅರ್ಧ ಮಾತ್ರ. 63 ಅನ್ನೋದು ಕನ್ನಡದ ಕೋಡ್ ಅಲ್ಲ, ಪ್ರಶ್ನಾರ್ಥಕ ಚಿಹ್ನೆಯ ಕೋಡ್. `CODE`ಗೆ ಕನ್ನಡ ಅಕ್ಷರ ಗೊತ್ತೇ ಇಲ್ಲ. ಗೊತ್ತಿಲ್ಲದ್ದಕ್ಕೆಲ್ಲ "?" ಅಂತ ಬರೆದುಕೊಳ್ಳುತ್ತದೆ. ಹಿಂದಿ ಬಂದರೂ 63, ಮಲಯಾಳಂ ಬಂದರೂ 63. ಎಕ್ಸೆಲ್ 2013ರಿಂದ ಈಚೆಗೆ `UNICODE` ಅನ್ನೋ ಫಂಕ್ಷನ್ ಇದೆ, ಅದು ನಿಜವಾದ ಸಂಖ್ಯೆ ಕೊಡುತ್ತದೆ. ಕನ್ನಡಕ್ಕೆ ಮೀಸಲಿಟ್ಟ ಜಾಗ 3200ರಿಂದ 3327. ಕ ಅಂದರೆ 3221, ಮ ಅಂದರೆ 3246.

```
=IF(A2="","",IF(AND(UNICODE(A2)>=3200,UNICODE(A2)<=3327),"ಕನ್ನಡ","ಬೇರೆ"))
```

ಇದನ್ನು C2ನಲ್ಲಿ ಹಾಕಿ 613ನೇ ಸಾಲಿನವರೆಗೆ ಎಳೆಯಿರಿ. ಆಮೇಲೆ `=COUNTIF(C2:C613,"ಕನ್ನಡ")`. ಮೊದಲಿನ `A2=""` ಬಿಡಬೇಡಿ. ಖಾಲಿ ಸೆಲ್ ಸಿಕ್ಕರೆ `UNICODE` ಸುಮ್ನೆ `#VALUE!` ಅಂತ ಕೂತುಬಿಡುತ್ತದೆ.

ಕುಟ್ಟದ ಅಂಗಡಿಯವರು: ಆ 3327 ಅನ್ನೋ ಮೇಲಿನ ಮಿತಿಯನ್ನೂ ಬಿಡಬೇಡಿ. ನಾನು ಸುಮ್ನೆ `>=3200` ಅಂತ ಹಾಕಿದ್ದೆ. ನಮ್ಮದು ಕೇರಳದ ಗಡಿ ಅಲ್ವಾ, ಗಿರಾಕಿಗಳ ಪಟ್ಟಿಯಲ್ಲಿ ಮಲಯಾಳಂ ಹೆಸರು ಜಾಸ್ತಿ. ಅವೆಲ್ಲ ಕನ್ನಡದ ಲೆಕ್ಕಕ್ಕೆ ಸೇರಿಹೋದವು. ಮಲಯಾಳಂ ಶುರುವಾಗೋದೇ 3328ರಿಂದ. ಅವರ ಮ 3374, ನಮ್ಮ ಮಗಿಂತ ಸರಿಯಾಗಿ 128 ಮುಂದೆ.

ಕೇಳಿದವರು: ಅಕ್ಕ, ಮಾಡಿದೆ. ಕನ್ನಡ 371, ಬೇರೆ 241 ಬಂತು. ಆದರೆ "ಬೇರೆ"ಯಲ್ಲಿ ಕಣ್ಣಿಗೆ ಕನ್ನಡವೇ ಕಾಣುವ ಸಾಲುಗಳು ತುಂಬಾ ಇವೆ. ಫಾರ್ಮುಲಾ ತಪ್ಪಾ?

ಮಡಿಕೇರಿಯ ಡಿಟಿಪಿ ಅಕ್ಕ: ಫಾರ್ಮುಲಾ ಸರಿ ಇದೆ. ಅದು ಸೆಲ್‌ನ ಮೊದಲ ಅಕ್ಷರ ಒಂದನ್ನೇ ನೋಡುತ್ತದೆ. ಪಕ್ಕದ ಕಾಲಂನಲ್ಲಿ ಬರೀ `=UNICODE(A2)` ಹಾಕಿ, "ಬೇರೆ" ಅಂತ ಬಂದವನ್ನು ಆ ಸಂಖ್ಯೆಯ ಮೇಲೆ ಜೋಡಿಸಿ. ಪೂರ್ತಿ ಪಟ್ಟಿ ಆಯ್ಕೆ ಮಾಡಿಯೇ ಜೋಡಿಸಿ, ಇಲ್ಲದಿದ್ದರೆ ಒಬ್ಬರ ವಿಳಾಸ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. 32 ಅಥವಾ 160 ಬಂದರೆ ಮುಂದೆ ಖಾಲಿ ಜಾಗ ಇದೆ ಅಂತ. 160 ಬೇರೆ ಕಡೆಯಿಂದ ಅಂಟಿಸಿದಾಗ ಬರುವ ಜಾಗ, `TRIM`ಗೆ ಅದು ಹೋಗುವುದಿಲ್ಲ. 48ರಿಂದ 57 ಅಂದರೆ ವಿಳಾಸ ಮನೆ ನಂಬರಿನಿಂದ ಶುರುವಾಗಿದೆ. ಈ ಎರಡೂ ಗುಂಪಿಗೆ ಮೊದಲ ಅಕ್ಷರ ಸಾಲದು. ಸೆಲ್‌ನಲ್ಲಿ ಒಟ್ಟು ಎಷ್ಟು ಕನ್ನಡ ಕೋಡ್ ಇವೆ ಅಂತ ಎಣಿಸಬೇಕು:

```
=SUMPRODUCT(
 (UNICODE(MID(A2,ROW($1:$99),1)&" ")>=3200)*
 (UNICODE(MID(A2,ROW($1:$99),1)&" ")<=3327))
```

ಸೊನ್ನೆ ಬಂದರೆ ಕನ್ನಡ ಇಲ್ಲ. "ಮಡಿಕೇರಿ" ಒಂದಕ್ಕೇ 7 ಬರುತ್ತದೆ, ಗಾಬರಿ ಬೇಡ. ನಮಗೆ ಅದು ನಾಲ್ಕು ಅಕ್ಷರ, ಕಂಪ್ಯೂಟರ್‌ಗೆ ಗುಡಿಸು, ಏತ್ವ ಎಲ್ಲ ಬೇರೆ ಬೇರೆ. 99 ಅಕ್ಷರಕ್ಕಿಂತ ಉದ್ದದ ವಿಳಾಸ ಇದ್ದರೆ ಆ ಸಂಖ್ಯೆ ಹೆಚ್ಚಿಸಿ.

ಕೇಳಿದವರು: ಖಾಲಿ ಜಾಗದ್ದು 11 ಇದ್ದವು, ಅದರಲ್ಲಿ 8 ಕನ್ನಡ. ನಂಬರಿನಿಂದ ಶುರುವಾಗುವುದು 34, ಅದರಲ್ಲಿ 22 ಕನ್ನಡ. ಅವು ಸರಿಹೋದವು. ಆದರೂ ಇನ್ನೂ ಕೆಲವು ಉಳಿದಿವೆ. ಸೆಲ್‌ನಲ್ಲಿ "ಕೊಡಗು" ಅಂತ ಚೆಂದವಾಗಿ ಕಾಣುತ್ತದೆ, ಕೋಡ್ ಮಾತ್ರ 80 ಬರುತ್ತದೆ. 80 ಅಂದರೆ ಇಂಗ್ಲಿಷ್ P ಅಲ್ವಾ?

ಮಡಿಕೇರಿಯ ಡಿಟಿಪಿ ಅಕ್ಕ: ಹೌದು, P. ಅದು ನುಡಿ ಫಾಂಟ್. ನನ್ನ ಅಂಗಡಿಗೆ ಬರುವ ಹಳೇ ಫೈಲುಗಳಲ್ಲಿ ಇದೇ ಜಾಸ್ತಿ. ಒಂದು ಸೆಲ್ ಆರಿಸಿ ಫಾಂಟನ್ನು ಕ್ಯಾಲಿಬ್ರಿಗೆ ಬದಲಿಸಿ ನೋಡಿ. "ಕೊಡಗು" ಹೋಗಿ `PÉÆqÀUÀÄ` ಅಂತ ಕಾಣುತ್ತದೆ. "ಮಡಿಕೇರಿ" ಇದ್ದಲ್ಲಿ `ªÀÄrPÉÃj`. ಒಳಗಿರುವುದು ಲ್ಯಾಟಿನ್ ಅಕ್ಷರಗಳೇ. ಫಾಂಟ್ ಅವುಗಳ ಮೇಲೆ ಕನ್ನಡದ ಚಿತ್ರ ಕೂರಿಸಿರುತ್ತದೆ ಅಷ್ಟೇ. ಅದಕ್ಕೇ ಮೊದಲ ಅಕ್ಷರ ನೋಡಿದರೆ ಇದಕ್ಕೂ Ponnampetಗೂ ವ್ಯತ್ಯಾಸವೇ ಇಲ್ಲ, ಎರಡೂ 80.

ಹಿಡಿಯೋಕೆ ಒಂದು ದಾರಿ ಇದೆ. ನುಡಿಯಲ್ಲಿ ತಲೆಕಟ್ಟು, ಕೊಂಬು, ಏತ್ವಕ್ಕೆಲ್ಲ `À`, `Ä`, `É` ಥರದ ಅಕ್ಷರ ಬೇಕು. ಅವು 192ರಿಂದ 255ರ ಒಳಗಿವೆ. ಮೇಲಿನ ಫಾರ್ಮುಲಾದಲ್ಲೇ 3200 ಇದ್ದಲ್ಲಿ 192, 3327 ಇದ್ದಲ್ಲಿ 255 ಹಾಕಿ. `PÉÆqÀUÀÄ`ಗೆ 5 ಬರುತ್ತದೆ, Ponnampetಗೆ 0. ಒಂದು ಬಂದರೆ ನಂಬಬೇಡಿ. ಹೋಂಸ್ಟೇ ವಿಳಾಸದಲ್ಲಿ `Café` ಅಂತ ಬರೆದಿದ್ದರೂ 1 ಬರುತ್ತದೆ. ಎರಡು ಅಥವಾ ಜಾಸ್ತಿ ಇದ್ದರೆ ನುಡಿ ಅಂತ ಇಟ್ಟುಕೊಳ್ಳಿ, ಒಮ್ಮೆ ಕಣ್ಣಾಡಿಸಿ.

ಸೋಮವಾರಪೇಟೆಯ ಮೇಷ್ಟ್ರು: ಹಾಗಾದರೆ ನನ್ನ ಪಟ್ಟಿಯಲ್ಲೂ ನುಡಿಯವರು ಇಂಗ್ಲಿಷ್ ಲೆಕ್ಕಕ್ಕೆ ಹೋಗಿರುತ್ತಾರೆ. ಇವತ್ತೇ ನೋಡುತ್ತೇನೆ.

ನಾಪೋಕ್ಲಿನವರು: ಕೊಡವ ತಕ್ಕ್‌ನಲ್ಲಿ ಬರೆದದ್ದನ್ನು ಕನ್ನಡದಿಂದ ಬೇರೆ ಮಾಡಲು ಆಗುತ್ತದಾ? ನಮ್ಮ ಕುಟುಂಬದ ಪಟ್ಟಿಯಲ್ಲಿ ಎರಡೂ ಇದೆ.

ಮಡಿಕೇರಿಯ ಡಿಟಿಪಿ ಅಕ್ಕ: ಕನ್ನಡ ಲಿಪಿಯಲ್ಲಿ ಬರೆದಿದ್ದರೆ ಆಗುವುದಿಲ್ಲ. ಕೋಡ್‌ಗೆ ಲಿಪಿ ಗೊತ್ತು, ಭಾಷೆ ಗೊತ್ತಿಲ್ಲ. "ಸಿಲ್ವರ್ ಓಕ್ ಎಸ್ಟೇಟ್" ಅಂತ ಬರೆದರೂ ಅದಕ್ಕೆ ಕನ್ನಡವೇ.

ಕೇಳಿದವರು: ನುಡಿಯದ್ದು 58 ಸಿಕ್ಕಿತು. ಈಗ ಕನ್ನಡ 401, ನುಡಿ 58, ಇಂಗ್ಲಿಷ್ 153. ಕೂಡಿದರೆ 612, ಯಾರೂ ತಪ್ಪಿಹೋಗಿಲ್ಲ. ಇನ್ನೊಂದು ಪ್ರಶ್ನೆ: "ಅಮ್ಮತ್ತಿ, Coffee Estate" ಅಂತ ಬೆರೆಸಿ ಬರೆದವರನ್ನು ಎಲ್ಲಿಗೆ ಸೇರಿಸಲಿ?

ಕುಟ್ಟದ ಅಂಗಡಿಯವರು: ಒಂದು ಅಕ್ಷರ ಕನ್ನಡ ಇದ್ದರೂ ಕನ್ನಡಕ್ಕೇ ಸೇರಿಸಿ. ಓದೋಕೆ ಬರುತ್ತದೆ ಅಂತ ತಾನೇ ಬರೆದಿರೋದು?

ಸೋಮವಾರಪೇಟೆಯ ಮೇಷ್ಟ್ರು: ನಾನು ಒಪ್ಪುವುದಿಲ್ಲ. ವಿಳಾಸ ಬರೆದವರು ಸಂಘದ ಗುಮಾಸ್ತರೂ ಇರಬಹುದು. ಅಂಥವರಿಗೆ ಎರಡೂ ನೋಟಿಸ್ ಕಳಿಸಿ.

ಮಡಿಕೇರಿಯ ಡಿಟಿಪಿ ಅಕ್ಕ: ಅದು ಸಂಘದವರು ತೀರ್ಮಾನ ಮಾಡಬೇಕಾದ್ದು. 58ನ್ನು ಮಾತ್ರ ಯೂನಿಕೋಡ್‌ಗೆ ಬದಲಿಸಿದ ಮೇಲೆಯೇ ಮುದ್ರಿಸಿ. ಪರಿವರ್ತಕ ಬಳಸಿದ ನಂತರ ಅರ್ಕಾವತ್ತು ಇರುವ ಊರುಗಳನ್ನು ಒಂದೊಂದಾಗಿ ಓದಿ, ಕರ್ಣಂಗೇರಿ ಥರದ್ದು. ನುಡಿಯಲ್ಲಿ ಅರ್ಕಾವತ್ತು ಅಕ್ಷರ ಆದ ಮೇಲೆ ಕೂರುತ್ತದೆ, ಯೂನಿಕೋಡ್‌ನಲ್ಲಿ ರ್ ಅಕ್ಷರಕ್ಕಿಂತ ಮೊದಲು ಬರಬೇಕು. ಎಡವಟ್ಟಾಗುವುದು ಅಲ್ಲೇ.