ಚಿಕ್ಕದು 199, ದೊಡ್ಡದು 249: ಈ 9 ಇಡ್ಬೇಕಾ ತೆಗೀಬೇಕಾ?

ಪ್ರಶ್ನೆ: ಕ್ಯಾಂಡಲ್ ಮಾಡಿ ಆನ್‌ಲೈನಲ್ಲಿ ಮಾರ್ತೀನಿ. ಚಿಕ್ಕ ಜಾರ್ 199, ದೊಡ್ಡದು 249. ಎಲ್ರೂ ಚಿಕ್ಕದೇ ತಗೋತಾರೆ, ದೊಡ್ಡದು ಕೂತೇ ಇರತ್ತೆ. 9 ಇಟ್ಟಿದ್ದೇ ತಪ್ಪಾ? ಅನುಭವ ಇರೋರು ಹೇಳಿ.

ಬಟ್ಟೆ ವ್ಯಾಪಾರದವ್ರು: 9 ತೆಗೀಲೇಬೇಡಿ ಮೇಡಂ. 2003ರಲ್ಲಿ ಬಂದ ಒಂದು ಸಂಶೋಧನೇಲಿ ಒಂದೇ ಡ್ರೆಸ್ಸನ್ನ ಬೇರೆ ಬೇರೆ ಕ್ಯಾಟಲಾಗಲ್ಲಿ 34, 39, 44 ಅಂತ ಹಾಕಿದ್ರು, ಜಾಸ್ತಿ ಹೋಗಿದ್ದು 39ರದ್ದು, 34ಕ್ಕಿಂತಾನೂ ಜಾಸ್ತಿ! ಯಾವ ಮಾಲಿಗಾದ್ರೂ 9 ನಡೆಯತ್ತೆ.

ಸೋಪ್ ಮಾಡೋಳು: ಆ ಪ್ರಯೋಗ ನಿಜ ಸರ್, ಆದ್ರೆ ‘ಸೇಲ್’ ಅಂತ ಬರೆದಿದ್ದ ಕಡೆ 9ರ ಪ್ರಭಾವ ಕಮ್ಮಿ ಇತ್ತು ಅಂತಾನೂ ಅದ್ರಲ್ಲೇ ಇದೆ. ಮೇಡಂದು ಬೇರೆ ತೊಂದ್ರೆ. 199 ನೋಡ್ದಾಗ ಕಣ್ಣು ಮೊದ್ಲು 1ರ ಮೇಲೆ ಬೀಳತ್ತೆ, ಅಗ್ಗ ಅನ್ಸತ್ತೆ, ಆದ್ರೆ ಪಕ್ಕದ 249ಕ್ಕೆ ಹೋಗೋಕೆ 200ರ ಗೆರೆ ದಾಟ್ಬೇಕು, ಆಗ 50ರ ವ್ಯತ್ಯಾಸ ಇರೋದಕ್ಕಿಂತ ದೊಡ್ಡದಾಗಿ ಕಾಣತ್ತೆ. ಅಂದ್ರೆ ಚಿಕ್ಕದನ್ನ ಮಾರೋ 9ನೇ ದೊಡ್ಡದಕ್ಕೆ ಅಡ್ಡ ಬರತ್ತೆ.

ನಂದೂ ಹೀಗೇ ಆಗಿತ್ತು, ಚಿಕ್ಕ ಬಾಕ್ಸ್ 299, ದೊಡ್ಡದು 349. ಎರಡಕ್ಕೂ 6 ಸೇರ್ಸಿ 305, 355 ಮಾಡ್ದೆ, ನಡುವಿನ 50 ಹಾಗೇ ಬಿಟ್ಟೆ. ಮೊದ್ಲು ನಾಲ್ಕು ವಾರಕ್ಕೆ 100 ಆರ್ಡರ್ ಬರ್ತಿತ್ತು, ಅದ್ರಲ್ಲಿ ದೊಡ್ಡದು 28. ಬದಲಾಯ್ಸಿದ್ಮೇಲೆ ಆರ್ಡರ್ 93ಕ್ಕೆ ಇಳೀತು, ಎದೆ ಧಸಕ್ ಅಂತು, ಆದ್ರೆ ದೊಡ್ಡದು 43 ಹೋಯ್ತು. ಚಿಕ್ಕದಕ್ಕೆ ಖರ್ಚು 200, ದೊಡ್ಡದಕ್ಕೆ 215, ಹಂಗಾಗಿ ಲಾಭ 10,880 ಇದ್ದಿದ್ದು 11,270 ಆಯ್ತು. ದೊಡ್ಡದ್ರಲ್ಲಿ ಉಳಿಯೋದು ಚಿಕ್ಕದಕ್ಕಿಂತ ಜಾಸ್ತಿ ಇದ್ರೆ ಮಾತ್ರ ಈ ಲೆಕ್ಕ ಕೂಡಿ ಬರತ್ತೆ, ಒಂದೇ ಸೈಜ್ ಮಾರೋರು 199ನೇ ಇಟ್ಕೊಳ್ಳಿ.

ಮಣ್ಣಿನ ಪಾತ್ರೆಯವ್ನು: ನೀವು ಕೇಳ್ತಿರೋದು ಡಿಸ್ಕೌಂಟ್ ಕೊಡ್ಬೇಕಾ ಅಂತ ತಾನೇ? ನಾನು ಕೈಯಲ್ಲಿ ಮಾಡಿದ ಹೂಜಿಗೆ 1999 ಅಂತ ಚೀಟಿ ಅಂಟಿಸಿದ್ದೆ, ಬಂದೋರೆಲ್ಲ ಮೊದ್ಲು ಕೇಳ್ತಿದ್ದಿದ್ದು ‘ಆಫರ್ ಎಷ್ಟು ದಿನ ಇರತ್ತೆ’ ಅಂತ. 2000 ಅಂತ ಬರೆದ್ಮೇಲೆ ಆ ಮಾತು ನಿಂತೋಯ್ತು, ಕೈಗೆತ್ಕೊಂಡು ಬಣ್ಣ, ಬಾಯಿ ಎಲ್ಲ ನೋಡೋಕೆ ಶುರು ಮಾಡಿದ್ರು. ಉಡುಗೊರೆ ಕೊಡೋ ಮಾಲಿಗೆ 9 ಬೇಡ ಅಂತೀನಿ.

ಬಟ್ಟೆ ವ್ಯಾಪಾರದವ್ರು: ಸೋಪ್ ಮೇಡಂ, 390 ಜಾಸ್ತಿ ಬಂದಿದ್ದು ಒಂದು ಒಳ್ಳೆ ವಾರದಿಂದಾನೂ ಇರ್ಬೋದಲ್ವಾ?

ಸೋಪ್ ಮಾಡೋಳು: ಇರ್ಬೋದು ಸರ್, ಲಾಭದ ಬಗ್ಗೆ ನಂಗೂ ಪೂರ್ತಿ ಧೈರ್ಯ ಇಲ್ಲ. ದೊಡ್ಡದು 28ರಿಂದ 43 ಆಗಿದ್ದು ಮಾತ್ರ ಆಮೇಲಿನ ತಿಂಗ್ಳೂ ಹೆಚ್ಚುಕಮ್ಮಿ ಹಾಗೇ ಉಳೀತು.

ಕೇಳಿದವ್ರು: ಹಾಗಾದ್ರೆ ಏರ್ಸೋ ಬದ್ಲು ಇಳ್ಸಿ, ಚಿಕ್ಕದು 149, ದೊಡ್ಡದು 199 ಮಾಡಿದ್ರೆ? ಗೆರೆ ದಾಟೋ ಪ್ರಶ್ನೇನೇ ಇರಲ್ವಲ್ಲ.

ಸೋಪ್ ಮಾಡೋಳು: ಗೆರೆ ದಾಟಲ್ಲ ನಿಜ, ಆದ್ರೆ ಪ್ರತಿ ಜಾರಲ್ಲೂ 50 ಹೋಗತ್ತೆ. ಮೇಣ, ಬತ್ತಿ, ಜಾರ್, ಪ್ಯಾಕಿಂಗ್ ಸೇರಿ ಚಿಕ್ಕದಕ್ಕೆ ಎಷ್ಟು ಬೀಳತ್ತೆ ಹೇಳಿ ಮೊದ್ಲು.

ಕೇಳಿದವ್ರು: 128.